ಬೆಂಜೀನಿನ ಸ್ಥಿರತೆ: ಎರಡು ಚಿತ್ರಗಳು ಹೇಳುವುದೆಷ್ಟು, ಆರು ಎಲೆಕ್ಟ್ರಾನ್‌ಗಳು ಮಾಡುವುದೆಷ್ಟು

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಬೆಂಜೀನಿಗೆ ಎರಡು ಅನುರಣನ ರಚನೆಗಳಿರುವುದರಿಂದ ಅದು ಸ್ಥಿರ ಎಂದು ತರಗತಿಯಲ್ಲಿ ಬರೆಸಿದರು. ಹಾಳೆಯ ಮೇಲೆ ಎರಡು ಚಿತ್ರ ಬರೆದ ಮಾತ್ರಕ್ಕೆ ಅಣು ಹೇಗೆ ಸ್ಥಿರವಾಗುತ್ತದೆ? ನಾಲ್ಕು ಇಂಗಾಲದ ಸೈಕ್ಲೊಬ್ಯುಟಡೈಯೀನಿಗೂ ಅಂಥದೇ ಎರಡು ಚಿತ್ರ ಬರೆಯಬಹುದಲ್ಲ, ಅದೇಕೆ ಸ್ಥಿರವಾಗಿಲ್ಲ?

ಉತ್ತರ: ಚಿತ್ರ ಬರೆದುದರಿಂದ ಯಾವ ಅಣುವೂ ಸ್ಥಿರವಾಗುವುದಿಲ್ಲ ಎಂಬ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಎಲೆಕ್ಟ್ರಾನ್‌ಗಳ ಜೋಡಿ ಎರಡು ಪರಮಾಣುಗಳ ನಡುವೆಯೇ ಇರುತ್ತದೆ ಎಂದು ಭಾವಿಸಿ, ಆ ಜೋಡಿಗೊಂದು ಗೆರೆ ಎಳೆಯುವುದು ನಮ್ಮ ಬರವಣಿಗೆಯ ಪದ್ಧತಿ. ಎಲೆಕ್ಟ್ರಾನ್‌ಗಳು ಮೂರು, ನಾಲ್ಕು ಅಥವಾ ಆರು ಪರಮಾಣುಗಳ ಮೇಲೆ ಹರಡಿಕೊಂಡಿದ್ದರೆ ಆ ಪದ್ಧತಿಯಲ್ಲಿ ಒಂದೇ ಚಿತ್ರದಿಂದ ಅಣುವನ್ನು ತೋರಿಸಲಾಗುವುದಿಲ್ಲ; ಆಗ ಎರಡೋ ಮೂರೋ ಚಿತ್ರ ಬರೆದು, ನಿಜವಾದ ಅಣು ಇವೆಲ್ಲವುಗಳ ಸಂಕರ ಎನ್ನುತ್ತೇವೆ. ಹೀಗೆ ಹಲವು ಚಿತ್ರಗಳು ಬೇಕಾಗುವುದು ಎಲೆಕ್ಟ್ರಾನ್‌ಗಳು ಹರಡಿವೆ ಎಂಬುದರ ಸೂಚನೆ. ಆ ಹರಡುವಿಕೆಯಿಂದ ಅಣುವಿನ ಶಕ್ತಿ ಎಷ್ಟು ತಗ್ಗುತ್ತದೆ, ತಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಚಿತ್ರಗಳ ಎಣಿಕೆ ಹೇಳಲಾರದು. ಅದನ್ನು ಅಳತೆಯಿಂದ ತಿಳಿಯಬೇಕು, ಅದರ ಕಾರಣವನ್ನು ಕಕ್ಷಕಗಳ ಲೆಕ್ಕದಿಂದ ತಿಳಿಯಬೇಕು. ಬೆಂಜೀನ್ ಮತ್ತು ಸೈಕ್ಲೊಬ್ಯುಟಡೈಯೀನ್‌ಗಳ ದಾರಿ ಬೇರೆಯಾಗುವುದು ಈ ಎರಡನೆಯ ಲೆಕ್ಕದಲ್ಲಿ.

ಮೊದಲು ಬೆಂಜೀನಿನ ಎರಡು ಚಿತ್ರಗಳಿಗೆ ನಿಜವಾಗಿ ಏನರ್ಥ ಎಂಬುದನ್ನು ಗಟ್ಟಿ ಮಾಡಿಕೊಳ್ಳೋಣ. 1865ರಲ್ಲಿ ಕೆಕುಲೆ ಆರು ಇಂಗಾಲಗಳ ಉಂಗುರವನ್ನು ಸೂಚಿಸಿದಾಗ ಅದಕ್ಕೆ ಎದುರಾದ ಮುಖ್ಯ ಆಕ್ಷೇಪ ಸರಳವಾಗಿತ್ತು. ಉಂಗುರದಲ್ಲಿ ಏಕಬಂಧ ಮತ್ತು ದ್ವಿಬಂಧಗಳು ಒಂದು ಬಿಟ್ಟು ಒಂದರಂತೆ ಇದ್ದರೆ, ಪಕ್ಕಪಕ್ಕದ ಎರಡು ಇಂಗಾಲಗಳಿಗೆ ಎರಡು ಬ್ರೋಮಿನ್ ಪರಮಾಣುಗಳನ್ನು ಜೋಡಿಸಿದಾಗ ಎರಡು ಬೇರೆ ಬೇರೆ ವಸ್ತುಗಳು ಸಿಗಬೇಕು: ಬ್ರೋಮಿನ್ ಹೊತ್ತ ಇಂಗಾಲಗಳ ನಡುವೆ ದ್ವಿಬಂಧವಿರುವುದೊಂದು, ಏಕಬಂಧವಿರುವುದೊಂದು. ಆದರೆ ಆರ್ಥೊ-ಡೈಬ್ರೋಮೊಬೆಂಜೀನ್ ಎಂಬುದು ಒಂದೇ ಒಂದು. ಇದಕ್ಕೆ ಉತ್ತರವಾಗಿ 1872ರಲ್ಲಿ ಕೆಕುಲೆ, ಬಂಧಗಳು ಬಿಡುವಿಲ್ಲದೆ ಸ್ಥಾನ ಬದಲಿಸುತ್ತಿರುತ್ತವೆ, ಆದ್ದರಿಂದ ಎರಡು ರೂಪಗಳನ್ನು ಬೇರ್ಪಡಿಸಲಾಗದು ಎಂದರು. ಇಂದಿಗೂ ಅನೇಕ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಉಳಿದಿರುವುದು ಈ 1872ರ ಬೆಂಜೀನೇ. ಅಣು ಈ ರೂಪದಿಂದ ಆ ರೂಪಕ್ಕೆ ಬಹು ವೇಗವಾಗಿ ಹೊರಳುತ್ತಿರುತ್ತದೆ ಎಂದೇ ಅವರು ಅನುರಣನವನ್ನು ಅರ್ಥ ಮಾಡಿಕೊಂಡಿರುತ್ತಾರೆ.

ಈ ಹೊರಳಾಟದ ಕಲ್ಪನೆಯನ್ನು ಒರೆಗೆ ಹಚ್ಚಲು ಒಂದು ಒಳ್ಳೆಯ ಪ್ರಯೋಗವಿದೆ, ಅದನ್ನು ನೀವು ಕಾಗದದ ಮೇಲೆ ಮಾಡಿ ನೋಡಬೇಕು. ಆರ್ಥೊ-ಕ್ಸೈಲೀನ್ ಎಂದರೆ ಒಂದನೆಯ ಮತ್ತು ಎರಡನೆಯ ಇಂಗಾಲಗಳ ಮೇಲೆ ಮೀಥೈಲ್ ಗುಂಪುಗಳಿರುವ ಬೆಂಜೀನ್. ಓಝೋನ್ ಇದರ ದ್ವಿಬಂಧಗಳನ್ನೆಲ್ಲ ಕತ್ತರಿಸಿದರೆ ಉಂಗುರ ಮೂರು ತುಂಡಾಗುತ್ತದೆ; ಪ್ರತಿ ತುಂಡಿನಲ್ಲೂ ಉಂಗುರದ ಎರಡು ಇಂಗಾಲಗಳಿರುತ್ತವೆ. ದ್ವಿಬಂಧ ಒಂದು ಮತ್ತು ಎರಡರ ನಡುವೆ ಇದೆ ಎಂಬ ಚಿತ್ರವನ್ನು ತೆಗೆದುಕೊಂಡರೆ ಎರಡು-ಮೂರು, ನಾಲ್ಕು-ಐದು, ಆರು-ಒಂದು ಎಂಬ ಜೋಡಿಗಳು ಉಳಿಯುತ್ತವೆ; ಅಂದರೆ ಒಂದೊಂದು ಮೀಥೈಲ್ ಇರುವ ಎರಡು ಮೀಥೈಲ್‌ಗ್ಲೈಆಕ್ಸಾಲ್, ಮೀಥೈಲ್ ಇಲ್ಲದ ಒಂದು ಗ್ಲೈಆಕ್ಸಾಲ್. ಇನ್ನೊಂದು ಚಿತ್ರವನ್ನು ತೆಗೆದುಕೊಂಡರೆ ಒಂದು-ಎರಡು, ಮೂರು-ನಾಲ್ಕು, ಐದು-ಆರು ಉಳಿಯುತ್ತವೆ. ಅಂದರೆ ಎರಡು ಮೀಥೈಲ್ ಇರುವ ಒಂದು ಡೈಮೀಥೈಲ್‌ಗ್ಲೈಆಕ್ಸಾಲ್, ಎರಡು ಗ್ಲೈಆಕ್ಸಾಲ್. ಎರಡೂ ಚಿತ್ರಗಳಿಗೆ ಸಮಪಾಲು ಕೊಟ್ಟು ಕೂಡಿಸಿದರೆ ಗ್ಲೈಆಕ್ಸಾಲ್ ಮೂರು, ಮೀಥೈಲ್‌ಗ್ಲೈಆಕ್ಸಾಲ್ ಎರಡು, ಡೈಮೀಥೈಲ್‌ಗ್ಲೈಆಕ್ಸಾಲ್ ಒಂದು. 1932ರಲ್ಲಿ ಲೆವೀನ್ ಮತ್ತು ಕೋಲ್ ಮಾಡಿದ ಪ್ರಯೋಗದಲ್ಲಿ ಈ ಮೂರೂ ವಸ್ತುಗಳು ಸಿಕ್ಕವು, ಮುಂದೆ ವಿಬಾಟ್ ಮತ್ತು ಸಂಗಡಿಗರು ಅಳೆದಾಗ ಪ್ರಮಾಣವೂ ಇದಕ್ಕೆ ಹತ್ತಿರವಾಗಿಯೇ ಬಂತು.

ಈ ಫಲಿತಾಂಶದಿಂದ ಒಂದು ಚಿತ್ರ ಮಾತ್ರ ಸಾಲದು ಎಂಬುದು ಸಾಬೀತಾಗುತ್ತದೆ, ಅದಕ್ಕಿಂತ ಹೆಚ್ಚಿನದೇನೂ ಸಾಬೀತಾಗುವುದಿಲ್ಲ. ಎರಡು ರೂಪದ ಅಣುಗಳು ಅರ್ಧರ್ಧ ಬೆರೆತಿದ್ದರೂ, ಒಂದೇ ಅಣು ಹೊರಳುತ್ತಿದ್ದರೂ, ಆರೂ ಬಂಧಗಳು ನಿಜವಾಗಿ ಒಂದೇ ಬಗೆಯವಾಗಿದ್ದರೂ ಇದೇ ಮೂರು-ಎರಡು-ಒಂದು ಬರುತ್ತದೆ. ಓಝೋನ್ ದಾಳಿ ಮಾಡಿದ ಮೇಲೆ ಉಳಿದ ತುಂಡುಗಳನ್ನು ನೋಡಿ ದಾಳಿಗೆ ಮೊದಲು ಅಣು ಹೇಗಿತ್ತೆಂದು ಊಹಿಸುವಾಗ ಈ ತೊಡಕು ಇದ್ದೇ ಇರುತ್ತದೆ. ಅಣುವನ್ನು ಮುರಿಯದೆ ನೋಡುವ ದಾರಿ ಬೇಕಿತ್ತು, ಅದು ಎಕ್ಸ್-ಕಿರಣಗಳಿಂದ ದೊರೆಯಿತು. 1929ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಹೆಕ್ಸಾಮೀಥೈಲ್‌ಬೆಂಜೀನಿನ ಹರಳನ್ನು ಪರೀಕ್ಷಿಸಿ, ಉಂಗುರ ಚಪ್ಪಟೆಯಾಗಿದೆ, ಅದರ ಆರೂ ಬದಿಗಳು ಸಮವಾಗಿವೆ ಎಂದು ತೋರಿಸಿದರು. ಇಂದಿನ ಅಳತೆಯಂತೆ ಬೆಂಜೀನಿನಲ್ಲಿ ಪ್ರತಿಯೊಂದು ಇಂಗಾಲ-ಇಂಗಾಲ ಬಂಧದ ಉದ್ದ ಸುಮಾರು 139 ಪಿಕೊಮೀಟರ್. ಸಾಮಾನ್ಯ ಏಕಬಂಧ 154, ಸಾಮಾನ್ಯ ದ್ವಿಬಂಧ 134. ಹೊರಳುವ ಅಣುವಾಗಿದ್ದರೆ ಯಾವ ಕ್ಷಣದಲ್ಲಿ ನೋಡಿದರೂ ಮೂರು ಗಿಡ್ಡ ಮತ್ತು ಮೂರು ಉದ್ದದ ಬಂಧಗಳಿರಬೇಕಾಗಿತ್ತು. ಬೆಂಜೀನಿಗೆ ಸಿಗುವ ಕನಿಷ್ಠ ಶಕ್ತಿಯ ಆಕಾರವೇ ಸಮಷಡ್ಭುಜ. ಅದು ಎರಡು ಆಕಾರಗಳ ನಡುವಿನ ದಾರಿಯಲ್ಲಿ ಬರುವ ತಂಗುದಾಣವೂ ಅಲ್ಲ.

ಆದ್ದರಿಂದಲೇ ಎರಡು ಕೆಕುಲೆ ಚಿತ್ರಗಳ ನಡುವೆ ಎರಡೂ ತುದಿಯಲ್ಲಿ ಮೊನೆಯಿರುವ ಒಂದೇ ಬಾಣ ↔ ಹಾಕಬೇಕು. ಸಮತೋಲನವನ್ನು ತೋರಿಸುವ ಜೋಡಿ ಬಾಣ ⇌ ಹಾಕಿದರೆ ಎರಡು ಬೇರೆ ವಸ್ತುಗಳು ಒಂದಕ್ಕೊಂದು ಬದಲಾಗುತ್ತಿವೆ ಎಂದು ಹೇಳಿದಂತಾಗುತ್ತದೆ. ಪರಮಾಣುಗಳು ಕದಲದೆ ಎಲೆಕ್ಟ್ರಾನ್‌ಗಳ ಗುರುತು ಮಾತ್ರ ಬದಲಾದರೆ ಅವು ಅನುರಣನ ರಚನೆಗಳು. ಒಂದು ಹೈಡ್ರೋಜನ್ ಜಾಗ ಬದಲಿಸಿದರೂ ಅವು ಬೇರೆ ಅಣುಗಳು. ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ ಆದ್ದರಿಂದ ಇಷ್ಟು ಒತ್ತಿ ಹೇಳಿದ್ದೇನೆ.

ಇನ್ನು ಸ್ಥಿರತೆಯ ಅಳತೆ. ಸ್ಥಿರ ಎಂದೊಡನೆ ಯಾವುದಕ್ಕೆ ಹೋಲಿಸಿ ಎಂದು ಕೇಳಿಕೊಳ್ಳಬೇಕು. ಇಂಗಾಲ ಮತ್ತು ಹೈಡ್ರೋಜನ್ ಎಂಬ ಮೂಲವಸ್ತುಗಳಿಗೆ ಹೋಲಿಸಿದರೆ ಬೆಂಜೀನಿನ ಶಕ್ತಿ ಹೆಚ್ಚೇ ಇದೆ, ದ್ರವ ಬೆಂಜೀನಿನ ಉತ್ಪತ್ತಿ ಶಾಖ ಮೋಲಿಗೆ ಸುಮಾರು 49 ಕಿಲೋಜೌಲ್‌ನಷ್ಟು ಧನಾತ್ಮಕ. ಬೆಂಕಿ ತಾಗಿದರೆ ಅದು ಮಸಿ ಕಾರುತ್ತ ಚೆನ್ನಾಗಿಯೇ ಉರಿಯುತ್ತದೆ. ನಾವು ಹೇಳುವ ಅಸಾಧಾರಣ ಸ್ಥಿರತೆ, ಮೂರು ಸಾಮಾನ್ಯ ದ್ವಿಬಂಧಗಳಿರುವ ಕಾಲ್ಪನಿಕ ಉಂಗುರಕ್ಕೆ ಹೋಲಿಸಿದ್ದು.

ಆ ಹೋಲಿಕೆಗೆ ಬೇಕಾದ ಅಂಕಿಗಳನ್ನು 1936ರಲ್ಲಿ ಹಾರ್ವರ್ಡ್‌ನಲ್ಲಿ ಕಿಸ್ತಿಯಕೋವ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳು ಒದಗಿಸಿದರು. ಆರು ಇಂಗಾಲಗಳ ಉಂಗುರದಲ್ಲಿ ಒಂದೇ ದ್ವಿಬಂಧವಿರುವ ಸೈಕ್ಲೊಹೆಕ್ಸೀನ್, ಎರಡು ದ್ವಿಬಂಧಗಳಿರುವ 1,3-ಸೈಕ್ಲೊಹೆಕ್ಸಡೈಯೀನ್ ಮತ್ತು ಬೆಂಜೀನ್ ಮೂರೂ ಹೈಡ್ರೋಜನ್ ಸೇರಿಸಿಕೊಂಡು ಒಂದೇ ವಸ್ತುವಾಗುತ್ತವೆ, ಅದು ಸೈಕ್ಲೊಹೆಕ್ಸೇನ್. ತಲುಪುವ ಊರು ಒಂದೇ ಆದ್ದರಿಂದ, ದಾರಿಯಲ್ಲಿ ಹೊರಬಿದ್ದ ಶಾಖವನ್ನು ಅಳೆದರೆ ಹೊರಟ ಜಾಗಗಳ ಎತ್ತರ ಗೊತ್ತಾಗುತ್ತದೆ. ಸೈಕ್ಲೊಹೆಕ್ಸೀನ್ ಮೋಲಿಗೆ ಸುಮಾರು 120 ಕಿಲೋಜೌಲ್ ಬಿಡುಗಡೆ ಮಾಡಿತು, ಸೈಕ್ಲೊಹೆಕ್ಸಡೈಯೀನ್ 232, ಬೆಂಜೀನ್ 208. ಮೂರು ದ್ವಿಬಂಧಗಳಿಗೆ 120ರಂತೆ 360 ಬರಬೇಕಿತ್ತು, 208 ಮಾತ್ರ ಬಂದಿದೆ. ಕೊರತೆ ಬಿದ್ದ 152 ಕಿಲೋಜೌಲ್‌ನಷ್ಟು ಬೆಂಜೀನ್ ಮೊದಲೇ ಕೆಳಗಿತ್ತು. ಪಠ್ಯಗಳಲ್ಲಿ ಸುಮಾರು 150 ಎಂದು ಬರುವ ಅನುರಣನ ಶಕ್ತಿ ಇದೇ.

ಈ ಮೂರು ಅಂಕಿಗಳಲ್ಲಿ 152ಕ್ಕಿಂತಲೂ ಕಣ್ಣು ತೆರೆಸುವ ಒಂದು ಸಂಗತಿ ಅಡಗಿದೆ. ಎರಡು ದ್ವಿಬಂಧಗಳ ಡೈಯೀನ್ ಬಿಡುವ ಶಾಖಕ್ಕಿಂತ ಮೂರು ಎಂದು ನಾವು ಬರೆಯುವ ಬೆಂಜೀನ್ ಬಿಡುವ ಶಾಖ ಕಡಿಮೆ. ಅಂದರೆ ಬೆಂಜೀನಿಗೆ ಮೊದಲ ಒಂದು ಹೈಡ್ರೋಜನ್ ಅಣುವನ್ನು ಸೇರಿಸಿ ಅದನ್ನು ಸೈಕ್ಲೊಹೆಕ್ಸಡೈಯೀನ್ ಮಾಡುವ ಹಂತದಲ್ಲಿ ಶಾಖ ಹೊರಬರುವ ಬದಲು ಮೋಲಿಗೆ 24 ಕಿಲೋಜೌಲ್ ಒಳಕ್ಕೆ ಹೋಗಬೇಕು. ಯಾವ ಸಾಮಾನ್ಯ ಆಲ್ಕೀನೂ ಹೀಗೆ ವರ್ತಿಸುವುದಿಲ್ಲ. ಆ ಮೊದಲ ಹಂತದಲ್ಲಿ ಉಂಗುರದ ಸುತ್ತಲಿನ ಹರಡುವಿಕೆ ಕಡಿದುಹೋಗುತ್ತದೆ, ಅದರ ದಂಡವನ್ನು ಅಲ್ಲೇ ತೆರಬೇಕಾಗುತ್ತದೆ. ಒಮ್ಮೆ ಅದು ಮುರಿದ ಮೇಲೆ ಉಳಿದ ಎರಡು ಬಂಧಗಳು ಬಹು ಸುಲಭವಾಗಿ ಹೈಡ್ರೋಜನ್ ತೆಗೆದುಕೊಳ್ಳುತ್ತವೆ. ಸಾಮಾನ್ಯ ನಿಕಲ್ ಕ್ರಿಯಾವರ್ಧಕದ ಮೇಲೆ ಬೆಂಜೀನನ್ನು ಹೈಡ್ರೋಜನೀಕರಿಸುವಾಗ ಹೆಚ್ಚಿನ ಒತ್ತಡ ಮತ್ತು ತಾಪ ಬೇಕಾಗುವುದೂ, ನಡುವಿನ ಡೈಯೀನ್ ಕೈಗೆ ಸಿಗದೆ ನೇರವಾಗಿ ಸೈಕ್ಲೊಹೆಕ್ಸೇನ್ ಸಿಗುವುದೂ ಇದಕ್ಕೆ ಹೊಂದಿಕೊಳ್ಳುತ್ತವೆ.

152 ಎಂಬ ಸಂಖ್ಯೆಗೂ ಒಂದು ಮಿತಿಯಿದೆ. ನಾವು ಹೋಲಿಸಿದ ಕಾಲ್ಪನಿಕ ಉಂಗುರ ಯಾವ ಸೀಸೆಯಲ್ಲೂ ಇಲ್ಲ, ಅದನ್ನು ಹೇಗೆ ಕಲ್ಪಿಸಿಕೊಳ್ಳುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. 1,3-ಸೈಕ್ಲೊಹೆಕ್ಸಡೈಯೀನಿನಲ್ಲಿ ದ್ವಿಬಂಧಗಳು ಒಂದಕ್ಕೊಂದು ಹತ್ತಿರವಿರುವುದರಿಂದಲೇ 240ರ ಬದಲು 232 ಬಂದಿದೆ. ಅಂದರೆ ಅಂಥ ಒಂದು ನೆರೆಹೊರೆಗೆ 8 ಕಿಲೋಜೌಲ್‌ನ ಲಾಭವಿದೆ. ನಮ್ಮ ಕಾಲ್ಪನಿಕ ಉಂಗುರದಲ್ಲಿ ಅಂಥ ಮೂರು ನೆರೆಹೊರೆಗಳಿವೆ, ಅವುಗಳ 24 ಕಿಲೋಜೌಲ್ ಲಾಭವನ್ನು ಅದಕ್ಕೆ ಕೊಟ್ಟುಬಿಟ್ಟರೆ 360ರ ಬದಲು 336ರಿಂದ ಲೆಕ್ಕ ಹಿಡಿಯಬೇಕು, ಆಗ ಬೆಂಜೀನಿನ ಹೆಚ್ಚುವರಿ ಸ್ಥಿರತೆ 128ಕ್ಕೆ ಇಳಿಯುತ್ತದೆ. ಉಂಗುರವಾಗಿ ಮುಚ್ಚಿಕೊಂಡದ್ದರಿಂದ ಮಾತ್ರ ಬಂದ ಲಾಭ ಎಷ್ಟು ಎಂದು ಕೇಳುವವರಿಗೆ ಈ ಎರಡನೆಯ ಸಂಖ್ಯೆಯೇ ಹೆಚ್ಚು ಪ್ರಾಮಾಣಿಕವಾದದ್ದು ಎಂಬುದು ನನ್ನ ಅಭಿಪ್ರಾಯ. ಹೇಗೆ ಎಣಿಸಿದರೂ ಲಾಭ ನೂರರ ಮೇಲೆಯೇ ಉಳಿಯುತ್ತದೆ, ನೀವು ಗಮನಿಸಬೇಕಾದದ್ದು ಅದನ್ನು.

ಈಗ ಕಾರಣಕ್ಕೆ ಬರೋಣ. ಬೆಂಜೀನಿನ ಪ್ರತಿಯೊಂದು ಇಂಗಾಲವೂ ಮೂರು ಎಲೆಕ್ಟ್ರಾನ್‌ಗಳನ್ನು ಎರಡು ನೆರೆಯ ಇಂಗಾಲ ಮತ್ತು ಒಂದು ಹೈಡ್ರೋಜನ್ ಜೊತೆಗಿನ ಸಿಗ್ಮಾ ಬಂಧಗಳಿಗೆ ಕೊಟ್ಟಿರುತ್ತದೆ. ಉಳಿದ ಒಂದೊಂದು ಎಲೆಕ್ಟ್ರಾನ್ ಉಂಗುರದ ಸಮತಲಕ್ಕೆ ಲಂಬವಾಗಿ ನಿಂತ p ಕಕ್ಷಕದಲ್ಲಿದೆ. ಉಂಗುರ ಚಪ್ಪಟೆಯಾಗಿರುವುದರಿಂದ ಪ್ರತಿ p ಕಕ್ಷಕವೂ ತನ್ನ ಎಡಬಲದ ಎರಡೂ ಕಕ್ಷಕಗಳೊಡನೆ ಸಮನಾಗಿ ಅತಿವ್ಯಾಪಿಸುತ್ತದೆ, ಆರು ಕಕ್ಷಕಗಳು ಕೂಡಿ ಇಡೀ ಉಂಗುರಕ್ಕೆ ಸೇರಿದ ಆರು ಹೊಸ ಕಕ್ಷಕಗಳಾಗುತ್ತವೆ. 1931ರಲ್ಲಿ ಜರ್ಮನಿಯ ಎರಿಕ್ ಹ್ಯುಕೆಲ್ ಇವುಗಳ ಶಕ್ತಿಯನ್ನು ಲೆಕ್ಕ ಹಾಕಿದರು. ಅವರ ಲೆಕ್ಕದ ಫಲವನ್ನು ನೆನಪಿಡಲು ಒಂದು ಜ್ಯಾಮಿತಿಯ ದಾರಿ ಇದೆ: ವೃತ್ತದೊಳಗೆ ಸಮಷಡ್ಭುಜವನ್ನು ಒಂದು ಮೂಲೆ ನೇರ ಕೆಳಗೆ ಬರುವಂತೆ ಬರೆಯಿರಿ. ಮೂಲೆಗಳು ವೃತ್ತವನ್ನು ಮುಟ್ಟುವ ಎತ್ತರಗಳೇ ಆರು ಕಕ್ಷಕಗಳ ಶಕ್ತಿಗಳು. ವೃತ್ತದ ಕೇಂದ್ರದ ಎತ್ತರ ಎಂದರೆ ಯಾರೊಡನೆಯೂ ಸೇರದ ಒಂಟಿ p ಕಕ್ಷಕದ ಶಕ್ತಿ, ತ್ರಿಜ್ಯದ ಉದ್ದ ಎರಡು ಬೀಟಾ. ಎಥಿಲೀನಿನಂಥ ಒಂದು ಸಾಮಾನ್ಯ ದ್ವಿಬಂಧದಲ್ಲಿ ಪ್ರತಿ ಎಲೆಕ್ಟ್ರಾನ್ ಇಳಿಯುವ ಶಕ್ತಿಯೇ ಒಂದು ಬೀಟಾ.

ಷಡ್ಭುಜದಲ್ಲಿ ತೀರ ಕೆಳಗಿನ ಮೂಲೆ ಕೇಂದ್ರಕ್ಕಿಂತ ಎರಡು ಬೀಟಾ ಕೆಳಗಿದೆ, ಅದರ ಮೇಲಿನ ಎರಡು ಮೂಲೆಗಳು ಒಂದೊಂದು ಬೀಟಾ ಕೆಳಗಿವೆ, ಉಳಿದ ಮೂರು ಕೇಂದ್ರದ ಮೇಲಿವೆ. ಆರು ಎಲೆಕ್ಟ್ರಾನ್‌ಗಳು ಕೆಳಗಿನ ಮೂರು ಕಕ್ಷಕಗಳನ್ನು ಎರಡೆರಡಾಗಿ ತುಂಬುತ್ತವೆ. ತೀರ ಕೆಳಗಿನ ಎರಡು ಎಲೆಕ್ಟ್ರಾನ್‌ಗಳಿಂದ ನಾಲ್ಕು ಬೀಟಾ, ಮೇಲಿನ ನಾಲ್ಕರಿಂದ ನಾಲ್ಕು ಬೀಟಾ, ಒಟ್ಟು ಎಂಟು. ಬಿಡಿಬಿಡಿಯಾದ ಮೂರು ದ್ವಿಬಂಧಗಳಾಗಿದ್ದರೆ ಆರು ಎಲೆಕ್ಟ್ರಾನ್‌ಗಳಿಗೆ ಆರು ಬೀಟಾ. ಹರಡುವಿಕೆಯಿಂದ ಬಂದ ಲಾಭ ಎರಡು ಬೀಟಾ. ಕೇಂದ್ರದ ಕೆಳಗಿರುವ ಎಲ್ಲ ಕಕ್ಷಕಗಳೂ ಭರ್ತಿ, ಮೇಲಿರುವುವೆಲ್ಲ ಖಾಲಿ, ಜೋಡಿಯಿಲ್ಲದ ಎಲೆಕ್ಟ್ರಾನ್ ಒಂದೂ ಇಲ್ಲ.

ನಿಮ್ಮ ಸೈಕ್ಲೊಬ್ಯುಟಡೈಯೀನಿಗೆ ಇದನ್ನೇ ಮಾಡಿ. ಚೌಕವನ್ನು ಒಂದು ಮೂಲೆ ಕೆಳಗಿರುವಂತೆ ವೃತ್ತದಲ್ಲಿ ಬರೆದರೆ ಒಂದು ಮೂಲೆ ತಳದಲ್ಲಿ, ಒಂದು ನೆತ್ತಿಯಲ್ಲಿ, ಉಳಿದೆರಡು ಸರಿಯಾಗಿ ಕೇಂದ್ರದ ಎತ್ತರದಲ್ಲಿ. ನಾಲ್ಕು ಎಲೆಕ್ಟ್ರಾನ್‌ಗಳಲ್ಲಿ ಎರಡು ತಳಕ್ಕೆ ಹೋಗಿ ನಾಲ್ಕು ಬೀಟಾ ಗಳಿಸುತ್ತವೆ. ಇನ್ನೆರಡು ಕೇಂದ್ರದ ಎತ್ತರದಲ್ಲಿ ಉಳಿದು ಏನನ್ನೂ ಗಳಿಸುವುದಿಲ್ಲ. ಒಟ್ಟು ನಾಲ್ಕು ಬೀಟಾ. ಬಿಡಿಯಾದ ಎರಡು ದ್ವಿಬಂಧಗಳಿದ್ದರೂ ಅಷ್ಟೇ ಸಿಗುತ್ತಿತ್ತು. ಎರಡು ಅನುರಣನ ಚಿತ್ರಗಳು ಕಣ್ಣೆದುರಿಗಿದ್ದರೂ ಹರಡುವಿಕೆಯ ಲಾಭ ಸೊನ್ನೆ. ಅಷ್ಟಕ್ಕೇ ನಿಲ್ಲದೆ, ಕೇಂದ್ರದ ಎತ್ತರದ ಎರಡು ಸಮಾನ ಕಕ್ಷಕಗಳಲ್ಲಿ ಎರಡು ಎಲೆಕ್ಟ್ರಾನ್‌ಗಳು ಅರೆಬರೆ ಕುಳಿತಿರುವ ಸ್ಥಿತಿ ಅಣುವಿಗೆ ಹಿಡಿಸುವುದಿಲ್ಲ. ಚೌಕ ಆಯತವಾಗಿ ಎಳೆದುಕೊಂಡು ಎರಡು ಗಿಡ್ಡ, ಎರಡು ಉದ್ದದ ಬಂಧಗಳನ್ನು ಮಾಡಿಕೊಳ್ಳುತ್ತದೆ. ಹೀಗೆ ಆಯತವಾದಾಗ ಪರಮಾಣುಗಳು ಜಾಗ ಬದಲಿಸಿರುವುದರಿಂದ ನೀವು ಬರೆಯುವ ಆ ಎರಡು ಚಿತ್ರಗಳು ನಿಜಕ್ಕೂ ಎರಡು ಬೇರೆ ಆಕಾರಗಳು, ಅವುಗಳ ನಡುವೆ ಹಾಕಬೇಕಾದದ್ದು ⇌. ಕೆಕುಲೆ ಬೆಂಜೀನಿಗೆ ಊಹಿಸಿದ ಹೊರಳಾಟ ಇಲ್ಲಿ ನಿಜವಾಗುತ್ತದೆ ಎಂಬುದು ನನಗೆ ಇಂದಿಗೂ ಬೆರಗು ತರುವ ವಿಷಯ. ಉಂಗುರದ 90 ಡಿಗ್ರಿ ಕೋನಗಳ ಬಿಗಿತವೂ ಸೇರಿಕೊಂಡು, ಈ ಅಣುವನ್ನು ನೋಡಲು ಸಾಮಾನ್ಯವಾಗಿ ಘನ ಆರ್ಗಾನಿನೊಳಗೆ ಹುದುಗಿಸಿ ಅತಿ ಶೀತದಲ್ಲಿಡಬೇಕಾಗುತ್ತದೆ. ಆರ್ಗಾನ್ ಸ್ವಲ್ಪ ಸಡಿಲವಾದೊಡನೆ ಎರಡು ಅಣುಗಳು ಕೂಡಿಕೊಂಡು ಬೇರೊಂದು ವಸ್ತುವಾಗಿಬಿಡುತ್ತವೆ.

ಚೌಕದ ಬಿಗಿತವೇ ಎಲ್ಲಕ್ಕೂ ಕಾರಣವಿರಬಹುದಲ್ಲ ಎಂದು ನೀವು ಕೇಳಬಹುದು, ಕೇಳಬೇಕು ಕೂಡ. ಅದಕ್ಕೆ ಐದು ಇಂಗಾಲಗಳ ಉಂಗುರವನ್ನು ನೋಡಿ. ಸೈಕ್ಲೊಪೆಂಟಡೈಯೀನಿನಿಂದ ಪ್ರೋಟಾನ್ ಕಿತ್ತರೆ ಸಿಗುವ ಋಣ ಅಯಾನಿಗೆ ಐದು ಸಮಾನ ಅನುರಣನ ರಚನೆಗಳಿವೆ, ಋಣ ಆವೇಶ ಒಂದೊಂದು ಚಿತ್ರದಲ್ಲಿ ಒಂದೊಂದು ಇಂಗಾಲದ ಮೇಲೆ. ಅದೇ ಉಂಗುರದ ಧನ ಅಯಾನಿಗೂ ಸರಿಯಾಗಿ ಐದು ರಚನೆಗಳಿವೆ. ಉಂಗುರದ ಅಳತೆ ಒಂದೇ, ಚಿತ್ರಗಳ ಸಂಖ್ಯೆ ಒಂದೇ, ಬಿಗಿತದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಋಣ ಅಯಾನಿನಲ್ಲಿ ಪೈ ಎಲೆಕ್ಟ್ರಾನ್‌ಗಳು ಆರು, ಧನ ಅಯಾನಿನಲ್ಲಿ ನಾಲ್ಕು. ಋಣ ಅಯಾನ್ ಎಷ್ಟು ಸುಲಭವಾಗಿ ಸಿಗುತ್ತದೆಂದರೆ ಸೈಕ್ಲೊಪೆಂಟಡೈಯೀನ್ ಬರೀ ಇಂಗಾಲ-ಹೈಡ್ರೋಜನ್ ಸಂಯುಕ್ತವಾಗಿದ್ದೂ ಆಮ್ಲೀಯತೆಯಲ್ಲಿ ನೀರಿನ ಹತ್ತಿರ ಬರುತ್ತದೆ, ಅದರ pKa ಸುಮಾರು 16. ಧನ ಅಯಾನನ್ನು ಪಡೆಯುವುದು ಬಹಳ ಕಷ್ಟ, ಪಡೆದರೂ ಅದು ಉಳಿಯುವುದಿಲ್ಲ. ವೃತ್ತದೊಳಗೆ ಪಂಚಭುಜವನ್ನು ಬರೆದು ಎಲೆಕ್ಟ್ರಾನ್ ತುಂಬಿ ನೋಡಿದರೆ ಆರಕ್ಕೆ ಭರ್ತಿಯಾಗುವುದೂ ನಾಲ್ಕಕ್ಕೆ ಅರ್ಧದಲ್ಲಿ ನಿಲ್ಲುವುದೂ ನಿಮಗೇ ಕಾಣುತ್ತದೆ. ಚಪ್ಪಟೆ ಉಂಗುರದ ಸುತ್ತ ಎಡೆಬಿಡದೆ ಹರಡಿದ ಎಲೆಕ್ಟ್ರಾನ್‌ಗಳ ಸಂಖ್ಯೆ 2, 6, 10 ಎಂಬ ಸರಣಿಯಲ್ಲಿದ್ದರೆ ಈ ಲಾಭ, 4, 8 ಎಂಬ ಸರಣಿಯಲ್ಲಿದ್ದರೆ ಈ ನಷ್ಟ. 4n+2 ಎಂಬ ಸೂತ್ರ ಹೇಳುವುದು ಇಷ್ಟನ್ನೇ.

ಬ್ರೋಮಿನ್ ನೀರನ್ನು ಸೈಕ್ಲೊಹೆಕ್ಸೀನಿಗೆ ಹಾಕಿ ಅಲುಗಿಸಿದರೆ ಬಣ್ಣ ತಕ್ಷಣ ಮಾಯವಾಗುವುದೂ, ಬೆಂಜೀನಿನಲ್ಲಿ ಹಾಗಾಗದಿರುವುದೂ ಇದರ ಫಲವೇ. ಬೆಂಜೀನಿಗೆ ಬ್ರೋಮಿನ್ ಸೇರಿಕೊಂಡು ನಿಂತರೆ ಉಂಗುರದ ಲಾಭ ಶಾಶ್ವತವಾಗಿ ಹೋಗುತ್ತದೆ. ಫೆರಿಕ್ ಬ್ರೋಮೈಡಿನ ಬಲದಿಂದ ಬ್ರೋಮಿನ್ ಉಂಗುರಕ್ಕೆ ಅಂಟಿಕೊಂಡರೂ, ನಡುವೆ ಉಂಟಾದ ಧನ ಅಯಾನ್ ಒಂದು ಪ್ರೋಟಾನನ್ನು ಬಿಟ್ಟುಕೊಟ್ಟು ಆರು ಎಲೆಕ್ಟ್ರಾನ್‌ಗಳ ಉಂಗುರವನ್ನು ಮರಳಿ ಪಡೆಯುತ್ತದೆ, ಹೈಡ್ರೋಜನ್ ಬ್ರೋಮೈಡ್ ಹೊರಬೀಳುತ್ತದೆ. ಸಂಕಲನದ ಬದಲು ಆದೇಶನ ನಡೆಯುವುದಕ್ಕೆ ಇದೇ ಕಾರಣ.

ಹಾಗಾದರೆ ಅನುರಣನ ರಚನೆಗಳನ್ನು ಬರೆಯುವುದನ್ನೇ ಬಿಟ್ಟು ಷಡ್ಭುಜದೊಳಗೆ ಒಂದು ವೃತ್ತ ಹಾಕಿದರೆ ಸಾಲದೇ ಎಂದರೆ, ನಾನು ಒಪ್ಪುವುದಿಲ್ಲ. ವೃತ್ತ ಎಲೆಕ್ಟ್ರಾನ್‌ಗಳ ಎಣಿಕೆಯನ್ನು ಮರೆಸುತ್ತದೆ. ನ್ಯಾಫ್ತಲೀನಿನ ಎರಡು ಉಂಗುರಗಳಲ್ಲಿ ಎರಡು ವೃತ್ತ ಹಾಕಿದರೆ ಹನ್ನೆರಡು ಪೈ ಎಲೆಕ್ಟ್ರಾನ್‌ಗಳಿವೆ ಎಂದು ತೋರುತ್ತದೆ, ಇರುವುದು ಹತ್ತು. ಕೆಕುಲೆ ಬಗೆಯ ಚಿತ್ರಗಳನ್ನು ಬರೆದರೆ ಮೂರು ಸಿಗುತ್ತವೆ. ಒಂದನೆಯ ಮತ್ತು ಎರಡನೆಯ ಇಂಗಾಲಗಳ ನಡುವೆ ಮೂರರಲ್ಲಿ ಎರಡು ಚಿತ್ರಗಳು ದ್ವಿಬಂಧ ತೋರಿಸುತ್ತವೆ, ಎರಡನೆಯ ಮತ್ತು ಮೂರನೆಯ ಇಂಗಾಲಗಳ ನಡುವೆ ಒಂದು ಚಿತ್ರ ಮಾತ್ರ. ಮೊದಲನೆಯದು ಗಿಡ್ಡವಾಗಿರಬೇಕು, ಎರಡನೆಯದು ಉದ್ದವಾಗಿರಬೇಕು ಎಂದು ಇದರಿಂದ ಊಹಿಸಬಹುದು. ಅಳತೆಯಲ್ಲಿ ಸಿಕ್ಕಿರುವುದು ಸುಮಾರು 137 ಮತ್ತು 141 ಪಿಕೊಮೀಟರ್. ಮೂರೂ ಚಿತ್ರಗಳನ್ನು ನೀವೇ ಬರೆದು, ಉಳಿದ ಬಂಧಗಳಲ್ಲಿ ಯಾವುದು ಎಷ್ಟು ಚಿತ್ರಗಳಲ್ಲಿ ದ್ವಿಬಂಧವಾಗಿದೆ ಎಂದು ಎಣಿಸಿ ನೋಡಿ.